ಕಬ್ಬಿನ ಹಾಲಿನಿಂದ ವಿನೆಗರ್: ಗಾಳಿ ಯಾವಾಗ ಬೇಡ, ಯಾವಾಗ ಬೇಕು

ಕಬ್ಬಿನ ಹಾಲನ್ನು ಸುಮ್ನೆ ಇಟ್ಟರೆ ಹುಳಿ ಬರುತ್ತದೆ, ನಿಜ. ಆದರೆ ಹುಳಿ ಬಂದಿದ್ದೆಲ್ಲ ವಿನೆಗರ್ ಅಲ್ಲ. ವಿನೆಗರ್ ಆಗಬೇಕಾದರೆ ಎರಡು ಕೆಲಸ ಒಂದಾದ ಮೇಲೊಂದು ನಡೆಯಬೇಕು. ಮೊದಲು ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಅದಕ್ಕೆ ಗಾಳಿ ಬೇಡ. ಆಮೇಲೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಹುಳಿ ಮಾಡುತ್ತವೆ, ಅವಕ್ಕೆ ಗಾಳಿ ಇಲ್ಲದೆ ಕೆಲಸವೇ ಸಾಗುವುದಿಲ್ಲ.

ಜ್ಯೂಸ್ ಅಂಗಡಿಯಿಂದ 2 ಲೀಟರ್ ಕಬ್ಬಿನ ಹಾಲು ತನ್ನಿ. ಐಸ್, ನಿಂಬೆ, ಶುಂಠಿ ಏನೂ ಹಾಕಿಸಬೇಡಿ. ಒಳ್ಳೆ ಕಬ್ಬಿನ ಹಾಲಲ್ಲಿ ಸಕ್ಕರೆ ಸುಮಾರು ಶೇ 18 ಇರುತ್ತದೆ. ಅದು ಜಾಸ್ತಿ, ಹಾಗಾಗಿ 1 ಲೀಟರ್ ನೀರು ಬೆರೆಸಿದರೆ ಶೇ 12ಕ್ಕೆ ಇಳಿಯುತ್ತದೆ. ಹತ್ತು ನಿಮಿಷ ಕುದಿಸಿ, ನೊರೆ ತೆಗೆದು, ಪೂರ್ತಿ ಆರಿಸಿ, ಸೋಸಿ. ಬ್ರೆಡ್ ಮಾಡುವ ಒಣ ಯೀಸ್ಟ್ ಒಂದು ಚಮಚ ಸಾಕು. ಮುಚ್ಚಳ ಸಡಿಲವಾಗಿ ಹಾಕಿ, ಒಳಗಿನ ಗ್ಯಾಸ್ ಹೊರಗೆ ಹೋಗಬೇಕು. ಬಿಗಿ ಮಾಡಿದರೆ ಬಾಟಲಿ ಸಿಡಿಯಬಹುದು.

ಒಂದು ವಾರದ ಹೊತ್ತಿಗೆ ಗುಳ್ಳೆ ನಿಂತು, ಯೀಸ್ಟ್ ತಳಕ್ಕೆ ಕೂತು, ಸಿಹಿ ಹೋಗಿರುತ್ತದೆ. ಈಗ ಅದರಲ್ಲಿ ಆಲ್ಕೋಹಾಲ್ ಸುಮಾರು ಶೇ 6. ತಳದ ಗಸಿ ಕದಡದ ಹಾಗೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ, ಎರಡೂವರೆ ಲೀಟರ್ ಸಿಗುತ್ತದೆ.

ಇಲ್ಲಿಂದ ಆಟ ಉಲ್ಟಾ. ಈ ತಿಳಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ, ಬಿಸಿ ಮಾಡದ, ಜೀವಂತ ವಿನೆಗರ್ ಹಾಕಬೇಕು. ‘ಮದರ್’ ಅಂದರೆ ಬ್ಯಾಕ್ಟೀರಿಯಾ ಕಟ್ಟಿದ ಪೊರೆ, ಅದು ಇರುವ ಆ್ಯಪಲ್ ಸೈಡರ್ ವಿನೆಗರ್ ಆಗುತ್ತದೆ. ಗೋಬಿ ಮಂಚೂರಿಗೆ ಹಾಕುವ ಅಗ್ಗದ ಬಿಳಿ ಸಿಂಥೆಟಿಕ್ ವಿನೆಗರಿನಲ್ಲಿ ಬ್ಯಾಕ್ಟೀರಿಯಾನೇ ಇರುವುದಿಲ್ಲ, ಅದು ಬೇಡ. ಹೀಗೆ ಮೊದಲೇ ಒಂದಿಷ್ಟು ಹುಳಿ ಸೇರಿಸಿದರೆ ಬೂಸ್ಟು ಹತ್ತುವುದೂ ಕಡಿಮೆ.

ಪಾತ್ರೆ ಯಾವುದು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಲೆಕ್ಕ ನೋಡಿ. ಶೇ 6 ಆಲ್ಕೋಹಾಲ್ ಇರುವ ಒಂದು ಲೀಟರನ್ನು ಪೂರ್ತಿ ಹುಳಿ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 33 ಗ್ರಾಂ ಆಮ್ಲಜನಕ ಬೇಕು. ಆದರೆ ನಮ್ಮ ಬೇಸಿಗೆಯ ಶಾಖದಲ್ಲಿ ಒಂದು ಲೀಟರ್ ನೀರಲ್ಲಿ ಕರಗಿರುವುದು 7–8 ಮಿಲಿಗ್ರಾಂ ಮಾತ್ರ. ಅಂದರೆ ಒಳಗಿರುವುದರ ನಾಲ್ಕು ಸಾವಿರ ಪಟ್ಟಿಗಿಂತ ಹೆಚ್ಚು ಆಮ್ಲಜನಕ ಹೊರಗಿನ ಗಾಳಿಯಿಂದ, ಮೇಲ್ಮೈ ಮೂಲಕ, ನಿಧಾನವಾಗಿ ಇಳಿದು ಬರಬೇಕು. ಮೂರು ಸೆಂ.ಮೀ. ಬಾಯಿಯ ಬಾಟಲಿಗೆ ಕತ್ತಿನವರೆಗೆ ತುಂಬಿದರೆ ಗಾಳಿಗೆ ಸಿಗುವ ಜಾಗ 7 ಚದರ ಸೆಂ.ಮೀ. ಅಷ್ಟೇ. ಅದೇ ಮೂರು ಲೀಟರನ್ನು 20 ಸೆಂ.ಮೀ. ಅಗಲದ ಉಪ್ಪಿನಕಾಯಿ ಭರಣಿಗೆ ಹಾಕಿದರೆ 300 ಚದರ ಸೆಂ.ಮೀ.ಗೂ ಜಾಸ್ತಿ, ಆಳ ಬರೀ ಹತ್ತು ಸೆಂ.ಮೀ. ಹಾಗಾಗಿ ಅಗಲ ಬಾಯಿಯ ಭರಣಿ ಅಥವಾ ಗಾಜಿನ ಪಾತ್ರೆ ತಗೊಳ್ಳಿ, ಅಲ್ಯೂಮಿನಿಯಂ ಮಾತ್ರ ಬೇಡವೇ ಬೇಡ. ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆ ಕಟ್ಟಿ. ತೆಳು ಜಾಳಿಗೆಯಾದರೆ ಹಣ್ಣಿನ ನೊಣ ಒಳಗೆ ಹೋಗಿ ಮೊಟ್ಟೆ ಇಡುತ್ತವೆ.

ಬಿಸಿಲು ಬೀಳದ, ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ವಾರದಲ್ಲಿ ಮೇಲೆ ತೆಳು ಪೊರೆ ಕಟ್ಟುತ್ತದೆ. ಆಮ್ಲಜನಕಕ್ಕಾಗಿಯೇ ಬ್ಯಾಕ್ಟೀರಿಯಾ ಹೀಗೆ ಮೇಲೆ ಬಂದು ಕೂರುವುದು. ಭರಣಿಯನ್ನು ಅಲುಗಾಡಿಸಿದರೆ ಪೊರೆ ಮುಳುಗುತ್ತದೆ, ಮುಳುಗಿದ್ದಕ್ಕೆ ಗಾಳಿ ಸಿಗದೆ ಕೆಲಸ ನಿಲ್ಲುತ್ತದೆ, ಹೊಸ ಪೊರೆ ಕಟ್ಟುವವರೆಗೂ ಕಾಯಬೇಕು. ದಿನಾ ಎತ್ತಿ ನೋಡುವ ಚಪಲ ಬಿಡಿ! ದೊಡ್ಡ ಕಾರ್ಖಾನೆಗಳು ಪೊರೆಗೆ ಕಾಯುವುದಿಲ್ಲ, ಟ್ಯಾಂಕಿನೊಳಗೇ ಸಣ್ಣ ಗುಳ್ಳೆಗಳಾಗಿ ಗಾಳಿ ನುಗ್ಗಿಸಿ ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆದರೆ ಅಲ್ಲಿ ಒಂದೆರಡು ನಿಮಿಷ ಕರೆಂಟ್ ಹೋದರೂ ಬ್ಯಾಕ್ಟೀರಿಯಾ ರಾಶಿಗಟ್ಟಲೆ ಸಾಯಬಹುದು. ಅಷ್ಟು ಹುಳಿಯಲ್ಲಿ ಉಸಿರಾಟ ನಿಂತರೆ ಅವು ತಡೆಯುವುದಿಲ್ಲ.

ನೇಲ್ ಪಾಲಿಶ್ ವಾಸನೆ ಬಂದರೆ ಆಲ್ಕೋಹಾಲ್ ಇನ್ನೂ ಉಳಿದಿದೆ, ಬಹುಶಃ ಗಾಳಿ ಸಾಲುತ್ತಿಲ್ಲ ಎಂದರ್ಥ. ಇನ್ನೂ ಅಗಲದ ಪಾತ್ರೆಗೆ ಬದಲಾಯಿಸಿ ಕಾಯಿರಿ. ಪೊರೆ ಒದ್ದೆಯಾಗಿ, ನಯವಾಗಿ, ಬೂದು ಬಿಳಿ ಇದ್ದರೆ ಸರಿ. ಹಸಿರೋ ಕಪ್ಪೋ ನವಿರು ಎದ್ದಿದ್ದರೆ ಬೂಸ್ಟು, ಪೂರ್ತಿ ಚೆಲ್ಲಿ.

ಆರರಿಂದ ಎಂಟು ವಾರಕ್ಕೆ ಮದ್ಯದ ವಾಸನೆ ಹೋಗಿ ಖಾರವಾದ ಹುಳಿ ವಾಸನೆ ಉಳಿಯುತ್ತದೆ. ಆಮ್ಲ ಶೇ 4–5ರ ಸುಮಾರಿಗೆ ಬಂದಿರಬೇಕು. ಮಾರುವುದಾದರೆ ನಿಯಮದ ಪ್ರಕಾರ ಕನಿಷ್ಠ ಶೇ 3.75 ಬೇಕು, ಲ್ಯಾಬಿನಲ್ಲಿ ಅಳೆಸಿ. ಉಪ್ಪಿನಕಾಯಿ ಕೆಡದಂತೆ ಇಡಲು ಅಳೆಯದ ಮನೆ ವಿನೆಗರನ್ನು ನಂಬಬೇಡಿ.

ಈ ಹಂತದಲ್ಲಿ ಮತ್ತೆ ಗಾಳಿ ಬಂದ್ ಮಾಡಬೇಕು. ಆಲ್ಕೋಹಾಲ್ ಖಾಲಿಯಾದ ಮೇಲೂ ಭರಣಿ ತೆರೆದೇ ಇದ್ದರೆ ಹಲವು ಬ್ಯಾಕ್ಟೀರಿಯಾ ತಾವೇ ಮಾಡಿದ ಆಮ್ಲವನ್ನು ತಿನ್ನತೊಡಗುತ್ತವೆ, ಅದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹುಳಿ ದಿನೇ ದಿನೇ ಇಳಿಯುತ್ತದೆ. ಅರ್ಧ ಲೀಟರ್ ಮುಂದಿನ ಸಲಕ್ಕೆ ಎತ್ತಿಟ್ಟು, ಉಳಿದದ್ದನ್ನು ಸೋಸಿ 65 ಡಿಗ್ರಿಗೆ ಬಿಸಿ ಮಾಡಿ, ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿ, ಬಿಗಿಯಾಗಿ ಮುಚ್ಚಿ.