ಬೆಡ್‌ಶೀಟಿನ ವಿವರ ನಿಜವೇ ಎಂದು ತಕ್ಕಡಿಯಲ್ಲಿ ನೋಡುವುದು

ಕಳೆದ ವರ್ಷ ಮಗಳ ಮನೆಗೆಂದು ಆನ್‌ಲೈನಿನಲ್ಲಿ ಒಂದು ಬೆಡ್‌ಶೀಟ್ ತರಿಸಿದೆ. ವಿವರದಲ್ಲಿ ‘ಗ್ಲೇಸ್ ಕಾಟನ್, 300 ಟಿಸಿ, 140 ಜಿಎಸ್‌ಎಂ, ಡಬಲ್ ಬೆಡ್, 90×100 ಇಂಚು’ ಎಂದು ಬರೆದಿತ್ತು. ಬಂದದ್ದನ್ನು ಕೈಗೆ ತೆಗೆದುಕೊಂಡಾಗಲೇ ಹಗುರವೆನಿಸಿತು. ಆದರೆ ಕೈಗೆ ಹಾಗೆನಿಸಿತು ಎಂದು ದೂರು ಕೊಟ್ಟರೆ ಯಾರೂ ಕೇಳುವುದಿಲ್ಲವಾದ್ದರಿಂದ, ಸೀರೆಯ ಫಾಲ್ ಹೊಲಿಯುವಾಗ ಬಳಸುವ ಟೇಪನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನೂ ತಂದು ಅಳೆಯಲು ಕುಳಿತೆ. ಆ ನಾಲ್ಕು ಮಾತುಗಳಲ್ಲಿ ಪ್ರತಿಯೊಂದನ್ನೂ ಮನೆಯಲ್ಲೇ ಪರೀಕ್ಷಿಸಬಹುದು ಎಂಬುದು ಆ ಮಧ್ಯಾಹ್ನ ನನಗೆ ಸ್ಪಷ್ಟವಾಯಿತು.

ಮೊದಲು ಅಳತೆ. ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ಎಳೆಯದೆ, ಅಂಚಿನಲ್ಲಿ ಒಮ್ಮೆ ಮತ್ತು ನಡುವೆ ಒಮ್ಮೆ ಅಳೆಯಬೇಕು. ಅಂಚು ಮಾತ್ರ ಅಳೆದರೆ ಹೊಲಿಗೆಯ ಬಿಗಿತದಿಂದ ಲೆಕ್ಕ ತಪ್ಪುತ್ತದೆ. ನನ್ನದು 88×97 ಇಂಚು ಇತ್ತು. ಉಳಿದ ಇಂಚುಗಳು ಎಲ್ಲಿಗೆ ಹೋದವೆಂದರೆ ಅಂಚಿನ ಮಡಿಕೆಯೊಳಗೆ: ಮಾರುವವರು ಕತ್ತರಿಸಿದ ಬಟ್ಟೆಯ ಅಳತೆಯನ್ನು ಬರೆದಿದ್ದರೇ ಹೊರತು, ಹೊಲಿದು ಮುಗಿದ ಮೇಲಿನ ಅಳತೆಯನ್ನಲ್ಲ. ಪೊಟ್ಟಣದಲ್ಲಿ ಮಾರುವ ಬೆಡ್‌ಶೀಟ್, ಟವೆಲ್, ದಿಂಬಿನ ಕವರುಗಳಿಗೆ ಎಷ್ಟು ತುಂಡುಗಳಿವೆ ಎಂಬುದನ್ನೂ ಸಿದ್ಧ ಅಳತೆಯನ್ನೂ ಬರೆಯಬೇಕೆಂದು ನಮ್ಮ ದೇಶದ 2011ರ ಪೊಟ್ಟಣ ಸರಕುಗಳ ನಿಯಮಗಳೇ ಹೇಳುತ್ತವೆ. ಹಾಗಾಗಿ ವಿವರದಲ್ಲಿ ಬರಿಯ ‘ಡಬಲ್’ ಅಥವಾ ‘ಕಿಂಗ್’ ಎಂದಿದ್ದು ಇಂಚು ಅಥವಾ ಸೆಂಟಿಮೀಟರ್ ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಒಬ್ಬರ ಕಿಂಗ್ ಇನ್ನೊಬ್ಬರ ಡಬಲ್ ಆಗಿರುವುದನ್ನು ನಾನು ನೋಡಿದ್ದೇನೆ.

ಎರಡು ಇಂಚು ಕಡಿಮೆಯಾದರೆ ಏನು ಮಹಾ ಎಂದು ಅಳಿಯ ಕೇಳಿದರು. ಅವರ ಹಾಸಿಗೆ 72×78 ಇಂಚು, ದಪ್ಪ 8 ಇಂಚು. 88ರಲ್ಲಿ 72 ಕಳೆದರೆ 16, ಅಂದರೆ ಒಂದೊಂದು ಬದಿಗೆ 8. ಅದು ಹಾಸಿಗೆಯ ಪಕ್ಕವನ್ನು ಮುಚ್ಚುವುದಕ್ಕೇ ಸರಿಹೋಗಿ, ಕೆಳಗೆ ಸಿಕ್ಕಿಸಲು ಏನೂ ಉಳಿಯುವುದಿಲ್ಲ, ರಾತ್ರಿ ಒಂದು ಮಗ್ಗುಲು ಹೊರಳಿದರೆ ಸಾಕು, ಹೊದಿಕೆ ಮುದುಡಿ ನಡುವಿಗೆ ಬರುತ್ತದೆ. ಅಂಥ ಹಾಸಿಗೆಗೆ 108×108 ಬೇಕು: ಒಂದೊಂದು ಬದಿಗೆ 18 ಇಂಚು ಸಿಕ್ಕಿ, ಪಕ್ಕಕ್ಕೆ 8 ಹೋದರೂ ಅಡಿಗೆ ಸಿಕ್ಕಿಸಲು 10 ಉಳಿಯುತ್ತದೆ. ಹತ್ತಿಯದಾದರೆ ಮೊದಲ ಒಗೆತಗಳಲ್ಲಿ ನೂರಕ್ಕೆ ಮೂರರಿಂದ ಐದು ಇಂಚು ಕುಗ್ಗುವುದೂ ಉಂಟು. ಆ ನಷ್ಟವನ್ನು ಈ ಹತ್ತರಲ್ಲೇ ಹಿಡಿದುಕೊಳ್ಳಬೇಕು.

ಇನ್ನು ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಅದರ ಅರ್ಥ. ಉದ್ದ ಮತ್ತು ಅಗಲವನ್ನು ಇಂಚಿನಲ್ಲಿ ಗುಣಿಸಿ 1550ರಿಂದ ಭಾಗಿಸಿದರೆ ಚದರ ಮೀಟರ್ ಸಿಗುತ್ತದೆ. 88×97 ಎಂದರೆ 8536. ಭಾಗಿಸಿದಾಗ ಸುಮಾರು 5.5. ದಿಂಬಿನ ಕವರುಗಳನ್ನು ಬದಿಗಿಟ್ಟು ಬೆಡ್‌ಶೀಟನ್ನು ಮಾತ್ರ ತೂಗಿದೆ, 495 ಗ್ರಾಂ ಬಂತು. 495ನ್ನು 5.5ರಿಂದ ಭಾಗಿಸಿದರೆ 90. ಹೇಳಿದ್ದು 140, ಕಳಿಸಿದ್ದು 90. ಅವರ ಮಾತು ನಿಜವಾಗಿದ್ದರೆ ಅದು 770 ಗ್ರಾಂ ತೂಗಬೇಕಿತ್ತು. ಅಂಚಿನ ಮಡಿಕೆಯಿಂದ ತೂಕ ಸ್ವಲ್ಪ ಹೆಚ್ಚೇ ಬರುವುದರಿಂದ ನಿಜವಾದ ಅಂಕಿ 90ಕ್ಕಿಂತಲೂ ಕೆಳಗಿತ್ತು. ಹತ್ತಿಯ ಹೊಸ ಬಟ್ಟೆಗೆ ಗಂಜಿ ಹಾಕಿ ತೂಕ ತೋರಿಸುವುದೂ ಇದೆ. ಒಗೆದ ಮೇಲೆ ಜೋಲು ಬೀಳುವ ಬೆಡ್‌ಶೀಟುಗಳು ಇಂಥವೇ. ಆದರೆ ಗಂಜಿಯ ಸಮೇತ ತೂಗಿದಾಗಲೇ ಕಡಿಮೆ ಬಂದರೆ ಒಗೆದು ನೋಡುವ ಅಗತ್ಯವೇ ಇಲ್ಲ.

ಟಿಸಿ ಎಂಬ ಎಳೆಗಳ ಲೆಕ್ಕದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಒಂದು ಚದರ ಇಂಚಿನಲ್ಲಿರುವ ಹಾಸು ಎಳೆಗಳನ್ನೂ ಹೊಕ್ಕು ಎಳೆಗಳನ್ನೂ ಕೂಡಿಸಿದ ಸಂಖ್ಯೆ ಅದು. ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದು, ಪಕ್ಕದಲ್ಲಿ ಮಕ್ಕಳ ಸ್ಕೇಲನ್ನಿಟ್ಟು ಚಿತ್ರ ತೆಗೆದು ದೊಡ್ಡದು ಮಾಡಿದರೆ ಒಂದು ಸೆಂಟಿಮೀಟರಿನಲ್ಲಿರುವ ಎಳೆಗಳನ್ನು ಸೂಜಿಯ ಮೊನೆಯಿಂದ ತೋರಿಸುತ್ತಾ ಎಣಿಸಬಹುದು. ನನಗೆ ಒಂದು ದಿಕ್ಕಿಗೆ 30, ಇನ್ನೊಂದಕ್ಕೆ 24 ಸಿಕ್ಕಿತು. ಕೂಡಿಸಿ 2.54ರಿಂದ ಗುಣಿಸಿದರೆ 137. ಹೇಳಿದ 300ರ ಅರ್ಧಕ್ಕೂ ಕಡಿಮೆ.

ಎಣಿಸುವ ತಾಳ್ಮೆ ಇಲ್ಲದವರು ವಿವರದಲ್ಲಿರುವ ಎರಡು ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದಾದರೂ ನೋಡಬೇಕು. ಹತ್ತಿಯಲ್ಲಿ 40ರ ನೂಲಿನಿಂದ ನೇಯ್ದ 210 ಟಿಸಿ ಬಟ್ಟೆ ಸುಮಾರು 120 ಜಿಎಸ್‌ಎಂ ತೂಗುತ್ತದೆ. ಇನ್ನೂ ಸಪೂರವಾದ 60ರ ನೂಲಿನಿಂದ ನೇಯ್ದ 300 ಟಿಸಿ ಬಟ್ಟೆಯೂ ಹೆಚ್ಚುಕಡಿಮೆ ಅಷ್ಟೇ. 100ರ ನೂಲು ಬಹಳ ಸಪೂರ, ಅದರಿಂದಲೂ 1000 ಎಳೆ ತುಂಬಿಸಿದರೆ ತೂಕ 230ನ್ನು ದಾಟುತ್ತದೆ. ಆದ್ದರಿಂದ ‘1000 ಟಿಸಿ, 120 ಜಿಎಸ್‌ಎಂ’ ಎಂದು ಬರೆದವರು ಎರಡರಲ್ಲಿ ಒಂದನ್ನಂತೂ ಸುಳ್ಳು ಬರೆದಿರುತ್ತಾರೆ. ಎರಡು ಮೂರು ಎಳೆ ಸೇರಿಸಿ ಹುರಿ ಮಾಡಿದ ನೂಲಿನಲ್ಲಿ ಒಳಗಿನ ಎಳೆಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಸಂಖ್ಯೆ ಏರಿಸುವುದು ಹಳೆಯ ಉಪಾಯ. ಅದು ಕೊಳ್ಳುವವರ ದಾರಿ ತಪ್ಪಿಸಬಹುದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2005ರಲ್ಲೇ ಹೇಳಿತ್ತು. ನನ್ನ ಮಟ್ಟಿಗೆ 200ರಿಂದ 400ರ ನಡುವಿನ ಪ್ರಾಮಾಣಿಕ ಅಂಕಿ ನಮ್ಮ ಸೆಕೆಗೆ ಧಾರಾಳವಾಗಿ ಸಾಕು.

ಕೊನೆಗೆ ಉಳಿದದ್ದು ‘ಗ್ಲೇಸ್ ಕಾಟನ್’ ಎಂಬ ಹೆಸರು. ಮಾರುಕಟ್ಟೆಯಲ್ಲಿ ಈ ಹೆಸರಿನಲ್ಲಿ ಬರುವುದು ಬಹುಮಟ್ಟಿಗೆ ಪಾಲಿಯೆಸ್ಟರ್. ‘ಕಾಟನ್ ಫೀಲ್’, ‘ಸೂಪರ್ ಸಾಫ್ಟ್ ಕಾಟನ್’ ಎಂಬವುಗಳನ್ನೂ ಇದೇ ಸಂಶಯದಿಂದ ಓದಬೇಕು. ಅಂಚಿನ ಒಳಮಡಿಕೆಯಿಂದ ನಾಲ್ಕಾರು ಎಳೆ ಎಳೆದು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಇದು ಬೆಂಕಿಯಿಂದ ಹಿಂದೆ ಸರಿದು ಕರಗಿ, ಸಾಸಿವೆಯಷ್ಟು ಗಟ್ಟಿ ಕಪ್ಪು ಮಣಿಯಾಯಿತು. ಮಿಶ್ರಣವಿದ್ದರೆ ಬೂದಿಯ ಜೊತೆಗೆ ಗಡುಸು ಚೂರುಗಳು ಬೆರಳಿಗೆ ಸಿಗುತ್ತವೆ, ಆದರೆ ಎಷ್ಟು ಪಾಲು ಎಂಬುದು ಇದರಿಂದ ತಿಳಿಯದು. ಅದಕ್ಕೇ ಪ್ರಾಮಾಣಿಕ ಮಾರಾಟಗಾರರು ‘ಹತ್ತಿ 60, ಪಾಲಿಯೆಸ್ಟರ್ 40’ ಎಂದು ಪಾಲನ್ನೇ ಬರೆಯುತ್ತಾರೆ. ಪಾಲಿಯೆಸ್ಟರನ್ನು ಪಾಲಿಯೆಸ್ಟರ್ ಎಂದೇ ಬರೆದು ಮಾರಿದರೆ ನನಗೆ ಯಾವ ತಕರಾರೂ ಇಲ್ಲ. ಬೇಗ ಒಣಗುತ್ತದೆ, ಅತಿಥಿಗಳ ಕೋಣೆಗೆ ಅನುಕೂಲ.

ಒಗೆದ ಬಟ್ಟೆಯನ್ನು ಹಿಂದಕ್ಕೆ ಪಡೆಯುವವರು ಅಪರೂಪವಾದ್ದರಿಂದ ಇಷ್ಟನ್ನೂ ನೀರಿಗೆ ಹಾಕುವ ಮೊದಲೇ ಮಾಡಿದೆ. ಟೇಪ್ ಹಿಡಿದ ಎರಡು ಚಿತ್ರ, ತಕ್ಕಡಿಯ ಮೇಲೆ 495 ಕಾಣುವ ಒಂದು ಚಿತ್ರ, ಅವರದೇ ವಿವರದ ಸ್ಕ್ರೀನ್‌ಶಾಟ್, ಇವನ್ನು ಕಳಿಸಿ ‘ಗುಣಮಟ್ಟ ಚೆನ್ನಾಗಿಲ್ಲ’ ಎಂಬ ಮಾತನ್ನು ಎಲ್ಲಿಯೂ ಬರೆಯದೆ, ‘ಹೇಳಿದ್ದು 140, ಬಂದದ್ದು 90, ಹೇಳಿದ್ದು 90×100, ಬಂದದ್ದು 88×97’ ಎಂದಷ್ಟೇ ಬರೆದೆ. ನಾಲ್ಕನೆಯ ದಿನ ಹಣ ವಾಪಸಾಯಿತು. ವಿವರದಲ್ಲಿ ಮಾತ್ರ ಇಂದಿಗೂ 140 ಎಂದೇ ಇದೆ.