"ಭಯ ಆಗ್ತಿದೆ ಸಿಸ್ಟರ್" ಅಂದಾಗ

ಮನೆಗಳಿಗೆ ಹೋಗಿ ಉಪಶಮನ ಆರೈಕೆ ಮಾಡುವ ನರ್ಸ್ ನಾನು. ರೋಗಿ ಭಯ ಅಂದರೆ "ಯಾವುದರ ಭಯ ಜಾಸ್ತಿ?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. "ಕೆದಕಬೇಡ, ಇರೋ ಧೈರ್ಯವೂ ಹೋಗುತ್ತೆ" ಅಂತ ನಮ್ಮ ತಂಡದಲ್ಲೇ ಬೈದಿದ್ದರು. ಈಗ ಹೊಸಬರನ್ನು ನನ್ನ ಜೊತೆಗೇ ಕಳಿಸುತ್ತಾರೆ!

ಶ್ವಾಸಕೋಶದ ಕ್ಯಾನ್ಸರ್ ಇದ್ದ ಒಬ್ಬ ಲಾರಿ ಡ್ರೈವರ್. ವಯಸ್ಸು ಅರವತ್ತರ ಆಸುಪಾಸು. ಅವರು ಭಯ ಅನ್ನುವಷ್ಟರಲ್ಲೇ ಹೆಂಡತಿ "ಏನೂ ಆಗಲ್ಲ, ಸುಮ್ನಿರಿ" ಅಂದುಬಿಡುತ್ತಿದ್ದರು. ಮಗ ಎದುರಿಗಿದ್ದಾಗ ನಾನು ಕೇಳಿದರೂ "ಏನಿಲ್ಲ" ಅಂತ ಗೋಡೆ ಕಡೆ ತಿರುಗಿದರು. ಹಾಗಾಗಿ ಇಬ್ಬರನ್ನೂ ಹೊರಗೆ ಕಳಿಸಿದೆ. ಹೇಗೆ ಕಳಿಸಿದೆ ಅಂತ ಬರೆಯಲ್ಲ, ಮನೆಯವರೂ ಇದನ್ನು ಓದುತ್ತಾರೆ. ಮಂಚದ ಪಕ್ಕ ಕೂತು ಮತ್ತೆ ಕೇಳಿದೆ. ಒಂದು ನಿಮಿಷ ಆಗಿರಬಹುದು, ತುಂಬಾ ಉದ್ದ ಅನಿಸಿತು.

"ಸಾಯೋದಲ್ಲ ಸಿಸ್ಟರ್. ಉಸಿರು ಕಟ್ಟಿ ಒದ್ದಾಡ್ತೀನೇನೋ ಅಂತ. ಆಮೇಲೆ ಐಸಿಯುಗೆ ಹಾಕಿ, ಇರೋ ಒಂದೆಕರೆ ಮಾರಿಬಿಡ್ತಾರೆ."

"ಉಸಿರಾಟದ ಕಷ್ಟ ಬರಬಹುದು ಅಣ್ಣ, ಬರಲ್ಲ ಅನ್ನಲ್ಲ. ಬಂದರೆ ಏನು ಮಾಡೋದು ಅಂತ ಈಗಲೇ ತೋರಿಸ್ತೀನಿ" ಅಂದೆ. ದಿಂಬು ಒತ್ತಿಟ್ಟು ಮುಂದಕ್ಕೆ ಬಾಗಿಸಿ ಕೂರಿಸಿದೆ. ಟೇಬಲ್ ಫ್ಯಾನ್ ಗಾಳಿ ನೇರ ಮುಖಕ್ಕೆ ಬರುವಂತೆ ಇಟ್ಟೆ. ಡಾಕ್ಟರ್ ಬರೆದಿದ್ದ ಮಾರ್ಫಿನ್ 2.5 ಮಿಲಿಗ್ರಾಂ, ಅಂದರೆ 10ರ ಮಾತ್ರೆಯ ಕಾಲು ಭಾಗ, ಯಾವಾಗ ಕೊಡಬೇಕು ಅಂತ ಹೆಂಡತಿಯನ್ನು ಒಳಗೆ ಕರೆದು ಅವರೆದುರೇ ಹೇಳಿದೆ. ಮಾರ್ಫಿನ್ ಮಲ ಕಟ್ಟಿಸುತ್ತದೆ, ಹಾಗಾಗಿ ಜೊತೆಗೆ ಮಲಬದ್ಧತೆಯ ಔಷಧಿ ಇರಲೇಬೇಕು. ಕೊನೆ ಹತ್ತಿರವಾದಂತೆ ಸಾಮಾನ್ಯವಾಗಿ ನಿದ್ದೆ ಹೆಚ್ಚಾಗುತ್ತದೆ ಅಂತಲೂ ಹೇಳಿದೆ. ಜಮೀನಿನ ಮಾತನ್ನು ಮಾತ್ರ ನಾನು ಆಡಲಿಲ್ಲ. ಮಗನನ್ನು ಕರೆದೆ, ಅವರೇ ಹೇಳಿದರು. ಐಸಿಯು ಬಿಲ್ ದಿನಕ್ಕೆ ಹತ್ತಾರು ಸಾವಿರ ಮುಟ್ಟುತ್ತದೆ, ಈ ಮಾತ್ರೆಗೆ ಕೆಲವೇ ರೂಪಾಯಿ. ಮಗ ಅತ್ತ, ಆದರೆ ಒಪ್ಪಿದ. ಅವರು ಮನೆಯಲ್ಲೇ ಹೋದರು.

ಬೇರೆ ಪ್ರಯೋಗಗಳೂ ಆದವು. ಭಯಗಳ ಪಟ್ಟಿ ಪ್ರಿಂಟ್ ಹಾಕಿಸಿ ಗುರುತು ಹಾಕಿ ಅಂದೆ. ನೂರೈವತ್ತು ರೂಪಾಯಿಯೋ ಏನೋ ದಂಡ, ಯಾರೂ ಪೆನ್ನು ಮುಟ್ಟಲಿಲ್ಲ. ಫೋನಿನಲ್ಲೂ ಕೇಳಿ ನೋಡಿದೆ. ಸುಮ್ಮನಾದರೆ ಲೈನ್ ಕಟ್ಟಾಯಿತು ಅಂತ "ಹಲೋ ಹಲೋ" ಅನ್ನುತ್ತಾರೆ!

ಕೆಲವರು "ಗೊತ್ತಿಲ್ಲ, ಸುಮ್ನೆ ಭಯ" ಅನ್ನುತ್ತಾರೆ. ಅಲ್ಲಿ ತೋರಿಸುವುದಕ್ಕೆ ನನ್ನಲ್ಲಿ ಏನೂ ಇರುವುದಿಲ್ಲ. "ಸರಿ, ಸ್ವಲ್ಪ ಹೊತ್ತು ಕೂತಿರ್ತೀನಿ" ಅಂತೇನೆ, ಕೂರುತ್ತೇನೆ. ಆದರೆ ರಾತ್ರಿ ಇದ್ದಕ್ಕಿದ್ದಂತೆ ಭಯ ಶುರುವಾಗಿ, ಹೊದಿಕೆ ಎಳೆದಾಡಿ, ಗುರುತು ತಪ್ಪಿದರೆ ಅದು ಮಾತಿನ ಕೆಲಸವಲ್ಲ. ಮೊದಲು ಹೊಟ್ಟೆಯ ಕೆಳಗೆ ಮುಟ್ಟಿ ಮೂತ್ರ ಕಟ್ಟಿದೆಯಾ ನೋಡಿ, ಮಲ ಯಾವಾಗ ಹೋಗಿತ್ತು ಕೇಳಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.