ಹನ್ನೆರಡು ಮನೆ ಕದಲದಂತೆ ಕೈಬರಹದ ಜಾತಕವನ್ನು ಟೈಪ್ ಮಾಡುವುದು

ಹಳೆಯ ಜಾತಕದ ಹಾಳೆಯನ್ನು ಟೈಪ್ ಮಾಡಿದಾಗ ಅಕ್ಷರಗಳೆಲ್ಲ ಸರಿಯಾಗಿದ್ದರೂ ಜಾತಕ ತಪ್ಪಾಗಿರಬಹುದು. ಗುರುಗ್ರಹದ 'ಗು' ಎಂಬ ಅಕ್ಷರ ತುಲೆಯ ಮನೆಯಲ್ಲಿದ್ದರೆ ಒಂದು ಅರ್ಥ, ಪಕ್ಕದ ಕನ್ಯೆಗೆ ಸರಿದರೆ ಬೇರೆಯೇ ಅರ್ಥ. ಅದಕ್ಕೇ ನಾನು ಕುಂಡಲಿಯನ್ನು ಮೊದಲು ಚಿತ್ರವಾಗಿ ಇಳಿಸುವುದಿಲ್ಲ. ಯಾವ ರಾಶಿಯಲ್ಲಿ ಏನು ಬರೆದಿದೆ ಎಂಬ ಪಟ್ಟಿಯನ್ನು ಮೊದಲು ಮಾಡಿಕೊಳ್ಳುತ್ತೇನೆ. ಚೌಕ ಆ ಪಟ್ಟಿಯಿಂದ ಹುಟ್ಟಬೇಕು.

ಮೊದಲ ಕೆಲಸ ಸ್ಕ್ಯಾನ್. 400 ಡಿಪಿಐ, ಬಣ್ಣದಲ್ಲಿ. ಕಪ್ಪುಬಿಳುಪು ಬೇಡ, ಯಾಕೆಂದರೆ ಜಾತಕದ ಮೂಲೆಗಳಿಗೆ ಅರಿಸಿನ ಹಚ್ಚಿರುತ್ತಾರೆ, ಕಪ್ಪುಬಿಳುಪಿನಲ್ಲಿ ಆ ಕಲೆ ಬೂದು ಮೋಡವಾಗಿ ಮೀನ, ಮಿಥುನ, ಕನ್ಯಾ, ಧನು ಈ ನಾಲ್ಕು ಮೂಲೆಮನೆಗಳನ್ನೇ ಮುಚ್ಚುತ್ತದೆ. ಬಣ್ಣದ ಚಿತ್ರದಲ್ಲಿ ಕೆಂಪು ಚಾನೆಲ್ ಒಂದನ್ನೇ ನೋಡಿದರೆ ಹಳದಿ ಬಹುಮಟ್ಟಿಗೆ ಮಾಯವಾಗುತ್ತದೆ. ಆದರೆ ಕೆಂಪು ಶಾಯಿಯಲ್ಲಿ ಬರೆದದ್ದೂ ಅದರ ಜೊತೆಗೇ ಹೋಗುತ್ತದೆ. ಶ್ರೀಕಾರ, ಲಗ್ನದ ಗುರುತು ಎಷ್ಟೋ ಸಲ ಕೆಂಪಿನಲ್ಲೇ ಇರುತ್ತವೆ. ಹಾಗಾಗಿ ಪೂರ್ಣ ಬಣ್ಣದ ಚಿತ್ರ ಮತ್ತು ಕೆಂಪು ಚಾನೆಲ್, ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ಓದುತ್ತೇನೆ. ಚಿತ್ರದಿಂದ ಅಕ್ಷರ ಓದುವ ಓಸಿಆರ್ ಇಲ್ಲಿ ಉಪಯೋಗಕ್ಕೆ ಬಾರದು. ಅದು ಗೆರೆಗಳನ್ನು ಲೆಕ್ಕಿಸದೆ ಅಡ್ಡಸಾಲಾಗಿ ಓದುತ್ತದೆ, ನಾಲ್ಕು ಮನೆಗಳ ಅಕ್ಷರಗಳನ್ನು ಒಂದೇ ಸಾಲಿಗೆ ಪೋಣಿಸಿಬಿಡುತ್ತದೆ.

ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳ ಜಾಗ ಕದಲುವುದಿಲ್ಲ. ಎಡ ಮೇಲಿನ ಮೂಲೆ ಮೀನ, ಅದರ ಬಲಕ್ಕೆ ಮೇಷ, ಅಲ್ಲಿಂದ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಎಡಗಡೆಯ ಕುಂಭಕ್ಕೆ ಬಂದು ಮುಗಿಯುತ್ತದೆ. ರಾಶಿಯ ಹೆಸರನ್ನು ಯಾರೂ ಮನೆಯೊಳಗೆ ಬರೆಯುವುದಿಲ್ಲ, ಜಾಗವೇ ಹೆಸರು. ಪಠ್ಯಕ್ಕೆ ಇಳಿಸುವಾಗ ಜಾಗ ಕಳೆದುಹೋಗುವುದರಿಂದ ಆ ಹೆಸರನ್ನು ನಾವೇ ಸೇರಿಸಬೇಕು. ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ ವಜ್ರಾಕಾರದ ಕುಂಡಲಿಯಲ್ಲಿ ಇದು ತಿರುವುಮುರುವು. ಅಲ್ಲಿ ಮೇಲಿನ ನಡುವಿನ ಮನೆ ಯಾವಾಗಲೂ ಲಗ್ನ, ಎಣಿಕೆ ಎಡಕ್ಕೆ ಸುತ್ತುತ್ತದೆ, ಮನೆಯೊಳಗಿನ ಅಂಕಿ ರಾಶಿಯನ್ನು ಹೇಳುತ್ತದೆ. ಅಂಥದ್ದು ಸಿಕ್ಕಿದರೆ ಪಟ್ಟಿಯ ಮೊದಲ ಸಾಲಿನಲ್ಲೇ 'ವಜ್ರಾಕಾರ' ಎಂದು ಬರೆದಿಡುತ್ತೇನೆ.

ಉದಾಹರಣೆಗೆ ಯಾರದ್ದೋ ಮನೆಯ ಜಾತಕ ಬೇಡ. 1947ರ ಆಗಸ್ಟ್ 15ರ ನಡುರಾತ್ರಿ, ದೆಹಲಿಯ ಕುಂಡಲಿಯನ್ನೇ ತೆಗೆದುಕೊಳ್ಳೋಣ. ಜ್ಯೋತಿಷ್ಯ ಕಲಿಯುವವರು ಬಹುಮಂದಿ ಬಿಡಿಸಿರುವ ಚಕ್ರ ಅದು. ಗ್ರಹಗಳ ಹೆಸರಿನ ಮೊದಲ ಅಕ್ಷರವನ್ನಷ್ಟೇ ಬರೆಯುತ್ತಾರೆ: 'ಕು' ಎಂದರೆ ಕುಜ, ಅಂದರೆ ಮಂಗಳ; 'ಲ' ಮಾತ್ರ ಗ್ರಹವಲ್ಲ, ಲಗ್ನ, ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ. ಕೈಬರಹದಿಂದ ಇಳಿಸಿದ ಪಟ್ಟಿ ಹೀಗಿರುತ್ತದೆ:

```
ಚಕ್ರ=ರಾಶಿ
ಮೇಷ=-
ವೃಷಭ=ಲ ರಾ
ಮಿಥುನ=ಕು
ಕಟಕ=ರ ಚಂ ಬು ಶು ಶ
ಸಿಂಹ=-
ಕನ್ಯಾ=-
ತುಲಾ=ಗು
ವೃಶ್ಚಿಕ=ಕೇ
ಧನು=-
ಮಕರ=-
ಕುಂಭ=-
ಮೀನ=-
```

ಖಾಲಿ ಮನೆಗೆ ಗೆರೆ ಹಾಕುವುದು ಕಡ್ಡಾಯ. ಹಾಕದೆ ಬಿಟ್ಟರೆ, ಅಲ್ಲಿ ಏನೂ ಬರೆದಿರಲಿಲ್ಲವೋ, ಟೈಪ್ ಮಾಡಿದವರು ಮರೆತರೋ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಓದಲಾಗದ ಅಕ್ಷರಕ್ಕೆ [?], ಹಾಳೆ ಹರಿದಿದ್ದರೆ [ಹರಿದಿದೆ]. ಲಗ್ನವನ್ನು ಎಲ್ಲರೂ 'ಲ' ಎಂದು ಬರೆಯುವುದಿಲ್ಲ, ಮನೆಯ ಮೂಲೆಗೆ ಒಂದೋ ಎರಡೋ ಓರೆಗೆರೆ ಎಳೆದಿರುತ್ತಾರೆ. ಅದನ್ನು ಮಡಿಕೆಯ ಗುರುತೆಂದುಕೊಂಡು ಬಿಟ್ಟರೆ ಜಾತಕಕ್ಕೆ ಲಗ್ನವೇ ಇರುವುದಿಲ್ಲ. ಗೆರೆ ಇದ್ದ ಕಡೆ ನಾನು 'ಲ/' ಎಂದು ಹಾಕುತ್ತೇನೆ, ಮೂಲದಲ್ಲಿದ್ದದ್ದು ಅಕ್ಷರವಲ್ಲ, ಗೆರೆ ಎಂಬುದು ಉಳಿಯಲಿ ಎಂದು.

ಇನ್ನು ಓದು. ಮೊದಲು ಎಣಿಕೆ: ಒಂಬತ್ತು ಗ್ರಹ, ಒಂದು ಲಗ್ನ, ಒಟ್ಟು ಹತ್ತು. ಮಾಂದಿ ಎಂಬ ಉಪಗ್ರಹವನ್ನೂ ಬರೆಯುವವರಾದರೆ ಹನ್ನೊಂದು. ಎಣಿಕೆ ತಪ್ಪಿದರೆ ಸಾಮಾನ್ಯವಾಗಿ ಕಳ್ಳ 'ರ' ಮತ್ತು 'ರಾ'. ರಾಹುವಿನ ದೀರ್ಘ ಮನೆಯ ಗೆರೆಗೆ ತಾಗಿದರೆ ಎರಡು ರವಿ ಕಾಣುತ್ತಾನೆ, ರಾಹು ಕಾಣುವುದಿಲ್ಲ. ರಾಹು ಕೇತುಗಳು ಯಾವಾಗಲೂ ಎದುರುಬದುರು, ಆದ್ದರಿಂದ ಆಗ ಕೇತುವನ್ನು ಹುಡುಕಿ ಅಲ್ಲಿಂದ ಏಳನೆಯ ಮನೆ ನೋಡಬೇಕು. ಮೇಲಿನ ಚಕ್ರದಲ್ಲಿ ಕೇತು ವೃಶ್ಚಿಕದಲ್ಲಿದ್ದಾನೆ, ಏಳನೆಯದು ವೃಷಭ, ಆದ್ದರಿಂದ ವೃಷಭದಲ್ಲಿರುವ ಅಕ್ಷರ ರಾಹು.

ಎರಡನೆಯ ತೊಡಕು 'ಗು' ಮತ್ತು 'ಶು'. ಒಳಗಿನ ಸುರುಳಿ ಮಾಸಿದರೆ ಶ ಅಕ್ಷರ ಗ ಆಗಿಬಿಡುತ್ತದೆ. ಇಲ್ಲಿ ಆಕಾಶವೇ ಸಾಕ್ಷಿ. ಶುಕ್ರ ರವಿಯಿಂದ ಸುಮಾರು 48 ಅಂಶಕ್ಕಿಂತ ದೂರ ಹೋಗುವುದಿಲ್ಲ, ಅಂದರೆ ಅತ್ತ ಎರಡು, ಇತ್ತ ಎರಡು ರಾಶಿಯೊಳಗೇ ಇರಬೇಕು. ಬುಧನ ಮಿತಿ ಸುಮಾರು 28 ಅಂಶ, ರವಿಯ ಮನೆ ಅಥವಾ ಅದರ ಪಕ್ಕದ್ದು. ರವಿ ಕಟಕದಲ್ಲಿರುವಾಗ ತುಲೆ ಮೂರು ರಾಶಿ ದೂರ, ಅಲ್ಲಿ ಶುಕ್ರ ಇರಲು ಸಾಧ್ಯವಿಲ್ಲ. ಸುರುಳಿ ಕಾಣದಿದ್ದರೂ ಅದು 'ಗು' ಎಂದು ಧೈರ್ಯವಾಗಿ ಬರೆಯಬಹುದು. 'ಮಂ' ಕಂಡರೆ ಮಾತ್ರ ನಿಧಾನಿಸಬೇಕು. ಅದು ಮಂಗಳನೂ ಇರಬಹುದು, ದೀರ್ಘ ಕಳೆದುಕೊಂಡ 'ಮಾಂ' ಕೂಡ ಇರಬಹುದು, ಮಂದನೆಂದು ಶನಿಯನ್ನು ಬರೆದಿರಲೂಬಹುದು. ಅದೇ ಕೈ ಬೇರೆ ಕಡೆ 'ಕು', 'ಶ' ಬಳಸಿದೆಯೇ ನೋಡಿ ತೀರ್ಮಾನಿಸುತ್ತೇನೆ.

ಪ್ರತಿ ರಾಶಿಯನ್ನು ಒಂಬತ್ತು ಪಾಲು ಮಾಡಿ ಹಾಕುವ ನವಾಂಶ ಚಕ್ರ ಪಕ್ಕದಲ್ಲೇ ಇರುತ್ತದೆ, ಅದಕ್ಕೆ ಬುಧ ಶುಕ್ರರ ಈ ಲೆಕ್ಕ ಹಚ್ಚಬಾರದು. ಇದೇ ಜಾತಕದ ನವಾಂಶದಲ್ಲಿ ರವಿ ಮೀನದಲ್ಲಿದ್ದರೆ ಬುಧ ವೃಶ್ಚಿಕದಲ್ಲಿರುತ್ತಾನೆ. ತಪ್ಪೆಂದುಕೊಂಡು ತಿದ್ದಿದರೆ ಕೆಟ್ಟಿತು. ರಾಹು ಕೇತುಗಳ ಏಳನೆಯ ಮನೆಯ ನಿಯಮ ಮಾತ್ರ ಅಲ್ಲಿಯೂ ನಡೆಯುತ್ತದೆ: ರಾಹು ಕುಂಭ, ಕೇತು ಸಿಂಹ. ಚಂದ್ರನನ್ನು ನಕ್ಷತ್ರಪಾದದಿಂದ ಪರೀಕ್ಷಿಸಬಹುದು. ಈ ಜಾತಕದ ನಕ್ಷತ್ರ ಪುಷ್ಯ, ಅದರ ಒಂದನೆಯ ಪಾದವೆಂದರೆ ನವಾಂಶದಲ್ಲಿ ಸಿಂಹ. ಚಕ್ರದ ನಡುವೆ 'ರಾಶಿ', 'ನವಾಂಶ' ಎಂದು ಬರೆದಿರುವುದು ಅಲಂಕಾರಕ್ಕಲ್ಲ, ಅದನ್ನು ಬಿಟ್ಟು ಟೈಪ್ ಮಾಡಿದ ಹಾಳೆಗಳಲ್ಲಿ ಎರಡು ಚಕ್ರ ಅದಲುಬದಲಾಗುವುದು ಸುಲಭ.

ಚಕ್ರದ ಮೇಲಿನ ಪಂಚಾಂಗದ ಸಾಲುಗಳು ಇನ್ನೂ ಮೋಸಗಾರವು. ಒಂದೇ 'ಶು' ಪಕ್ಷದ ಜಾಗದಲ್ಲಿ ಶುದ್ಧ, ವಾರದ ಜಾಗದಲ್ಲಿ ಶುಕ್ರವಾರ, ಯೋಗದ ಜಾಗದಲ್ಲಿ ಶುಭ ಅಥವಾ ಶುಕ್ಲ. ಆದ್ದರಿಂದ ಸಂಕ್ಷೇಪವನ್ನು ಇದ್ದಂತೆಯೇ ಒಂದು ಕಾಲಂನಲ್ಲಿ, ಬಿಡಿಸಿದ ರೂಪವನ್ನು ಇನ್ನೊಂದು ಕಾಲಂನಲ್ಲಿ ಇಡುತ್ತೇನೆ. ನಮ್ಮ ಉದಾಹರಣೆಗೆ ಬರುವ ಸಾಲು: ಸರ್ವಜಿತ್ ಸಂವತ್ಸರ, ಶಾಲಿವಾಹನ ಶಕ ೧೮೬೯, ಅಧಿಕ ಶ್ರಾವಣ, ಬಹುಳ. ಆ ವರ್ಷ ಶ್ರಾವಣ ಎರಡು ಬಂದಿತ್ತು. ತಿಂಗಳ ಹೆಸರಿನ ಹಿಂದೆ ಸಣ್ಣದಾಗಿ ಬರೆದ 'ಅ' ಬಿಟ್ಟರೆ ಜಾತಕ ಒಂದು ತಿಂಗಳು ಮುಂದೆ ಹೋಗುತ್ತದೆ. ವಾರ ಗುರುವಾರ ಎಂದಿರುತ್ತದೆ, ಕ್ಯಾಲೆಂಡರಿನಲ್ಲಿ ಶುಕ್ರವಾರ. ಇದು ತಪ್ಪಲ್ಲ, ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ನಡುರಾತ್ರಿಗಲ್ಲ. ತಿಥಿ ತ್ರಯೋದಶಿ ಎಂದಿದ್ದರೂ ಚತುರ್ದಶಿ ಎಂದಿದ್ದರೂ ಮುಟ್ಟುವುದಿಲ್ಲ. ಆ ಗಳಿಗೆಯಲ್ಲಿ ಚಂದ್ರ ರವಿಗಿಂತ ಸರಿಸುಮಾರು 24 ಅಂಶ ಹಿಂದಿದ್ದ, ತಿಥಿಗೆ 12 ಅಂಶದಂತೆ ಅದು ಎರಡರ ಸಂಧಿ.

ಜನ್ಮಕಾಲ ಘಟಿ ವಿಘಟಿಯಲ್ಲಿರುತ್ತದೆ, ಮೇಲೊಂದು ಕೆಳಗೊಂದು ಅಂಕಿ. ಭಿನ್ನರಾಶಿಯಂತೆ ಕಾಣುತ್ತದೆ, ಆದರೆ ಮೇಲಿನದು ಘಟಿ, ಕೆಳಗಿನದು ವಿಘಟಿ. ೪೫ರ ಕೆಳಗೆ ೨೫ ಇದ್ದರೆ 45 ಘಟಿಗೆ 24 ನಿಮಿಷದಂತೆ 18 ಗಂಟೆ, 25 ವಿಘಟಿಗೆ 24 ಸೆಕೆಂಡಿನಂತೆ 10 ನಿಮಿಷ. ದೆಹಲಿಯ ಸೂರ್ಯೋದಯ ಬೆಳಗ್ಗೆ 5:50ರ ಸುಮಾರಿಗೆ, ಕೂಡಿದರೆ ನಡುರಾತ್ರಿ. ೪೫ನ್ನು ೪೨ ಎಂದು ಓದಿದರೆ 72 ನಿಮಿಷ ಹಿಂದೆ ಸರಿದು ಲಗ್ನ ವೃಷಭದಿಂದ ಮೇಷಕ್ಕೆ ಬೀಳುತ್ತದೆ, ಚಕ್ರದ 'ಲ' ಜೊತೆ ತಾಳೆಯಾಗದೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕೆಳಗಿನ ಅಂಕಿ 60 ಅಥವಾ ಹೆಚ್ಚು ಬಂದರೆ ಓದಿದ್ದೇ ತಪ್ಪು. ಹುಟ್ಟುವಾಗ ದಶೆಯಲ್ಲಿ ಉಳಿದಿದ್ದ ಕಾಲ, ಅಂದರೆ ದಶಾಶಿಷ್ಟವೂ ಹೀಗೇ: ಪುಷ್ಯಕ್ಕೆ ಶನಿದಶೆ, ಪೂರ್ಣ 19 ವರ್ಷ. ಒಂದನೆಯ ಪಾದವಾದರೆ ಉಳಿದದ್ದು 14 ವರ್ಷ 3 ತಿಂಗಳಿಗಿಂತ ಕಡಿಮೆ ಇರುವಂತಿಲ್ಲ.

ಅಂಕಿಗಳನ್ನು ಮೂಲದಂತೆ ಕನ್ನಡದಲ್ಲೇ ಇಡುತ್ತೇನೆ. ಕೀಲಿಮಣೆಯ ಒಂದು ಬಲೆ ಇಲ್ಲಿದೆ: ಸೊನ್ನೆ ೦ ಮತ್ತು ಅನುಸ್ವಾರ ಂ ಪರದೆಯ ಮೇಲೆ ಒಂದೇ ಥರ, ಸಂಕೇತ ಮಾತ್ರ ಬೇರೆ (U+0CE6, U+0C82). '೪ಂ' ಎಂದು ಟೈಪ್ ಆದದ್ದು ಕಣ್ಣಿಗೆ ನಲವತ್ತು, ಕಂಪ್ಯೂಟರಿಗೆ ಕಸ. ಕೊನೆಯಲ್ಲಿ `[೦-೯]ಂ` ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ. ಶ್ರೀಕಾರದ ಆಚೀಚಿನ ॥ ಗುರುತಿಗೆ ಯುನಿಕೋಡ್‌ನಲ್ಲಿ ಕನ್ನಡದ ಪ್ರತ್ಯೇಕ ಅಕ್ಷರವಿಲ್ಲ, ದೇವನಾಗರಿ ವಿಭಾಗದ U+0965 ಅನ್ನೇ ಬಳಸಬೇಕು. ಕೀಲಿಮಣೆಯ `||` ಒತ್ತಿದರೆ, ಕಾಲಂ ಬೇರ್ಪಡಿಸಲು ಅದೇ ಗೆರೆ ಬಳಸುವ ಕಡತದಲ್ಲಿ ಎರಡು ಕಾಲಂ ಹೆಚ್ಚಾಗಿ ಸಾಲು ಪೂರ್ತಿ ಬಲಕ್ಕೆ ಜರುಗುತ್ತದೆ.

ಚೌಕ ಕಟ್ಟುವುದು ಕೊನೆಗೆ. ಅಡ್ಡಗೆರೆ, ಕೂಡುಚಿಹ್ನೆ, ಸ್ಪೇಸ್ ಜೋಡಿಸಿ ಪೆಟ್ಟಿಗೆ ಬರೆಯುವ ಆಸೆ ಬೇಡ. ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ, ಒಂದು ಫಾಂಟಿನಲ್ಲಿ ಕೂಡಿದ ಗೆರೆ ಇನ್ನೊಂದರಲ್ಲಿ ಮುರಿಯುತ್ತದೆ. ಟೇಬಲ್ ಸಾಕು, ನಡುವಿನ ನಾಲ್ಕು ಕೋಣೆಗಳನ್ನು ಒಂದು ಮಾಡಿದರೆ ಆಯಿತು:

```
<table border="1">
<tr><td>-</td><td>-</td><td>ಲ ರಾ</td><td>ಕು</td></tr>
<tr><td>-</td><td colspan="2" rowspan="2">ರಾಶಿ</td>
    <td>ರ ಚಂ ಬು<br>ಶು ಶ</td></tr>
<tr><td>-</td><td>-</td></tr>
<tr><td>-</td><td>ಕೇ</td><td>ಗು</td><td>-</td></tr>
</table>
```

ಇಲ್ಲಿ ಎಡವುವುದು ಮೂರನೆಯ ಸಾಲಿನಲ್ಲಿ. ನಡುವಿನ ಕೋಣೆ ಮೇಲಿನಿಂದ ಇಳಿದು ಬಂದಿರುವುದರಿಂದ ಅಲ್ಲಿ ಎರಡೇ ಕೋಣೆ, ಮಕರ ಮತ್ತು ಸಿಂಹ. ಅಭ್ಯಾಸಬಲದಿಂದ ಮೂರನೆಯದನ್ನು ಸೇರಿಸಿದರೆ ಚೌಕದ ಹೊರಗೆ ಬಲಕ್ಕೆ ಹದಿಮೂರನೆಯ ಮನೆ ಚಾಚಿಕೊಳ್ಳುತ್ತದೆ. ಕೆಳಸಾಲು ಧನುವಿನಿಂದ ಶುರುವಾಗಿ ಕನ್ಯೆಗೆ ಮುಗಿಯುತ್ತದೆ, ಪಟ್ಟಿಯ ಕ್ರಮಕ್ಕೆ ಉಲ್ಟಾ. ಪಟ್ಟಿಯನ್ನು ನೋಡಿ ನೇರ ತುಂಬುತ್ತಾ ಹೋದವರು ಗುರುವನ್ನು ವೃಶ್ಚಿಕಕ್ಕೂ ಕೇತುವನ್ನು ತುಲೆಗೂ ಕೂರಿಸುತ್ತಾರೆ. ಆಗ ರಾಹು ಕೇತುಗಳು ಎದುರುಬದುರಾಗಿ ಉಳಿಯುವುದಿಲ್ಲ, ಅಷ್ಟರಿಂದಲೇ ಗೊತ್ತಾಗುತ್ತದೆ.

ಈ ಪರೀಕ್ಷೆಗಳೆಲ್ಲ ನಾನು ಓದಿದ್ದು ಸರಿಯೇ ಎಂದು ನೋಡಲಿಕ್ಕೆ, ಬರೆದವರನ್ನು ತಿದ್ದಲಿಕ್ಕಲ್ಲ. ಶಾಯಿ ಸ್ಪಷ್ಟವಾಗಿದ್ದು ಬುಧನನ್ನು ರವಿಯಿಂದ ನಾಲ್ಕು ಮನೆ ದೂರ ಬರೆದಿದ್ದರೆ ಅಲ್ಲೇ ಇರಲಿ ಬಿಡುತ್ತೇನೆ. ಟಿಪ್ಪಣಿಯ ಕಾಲಂನಲ್ಲಿ 'ಮೂಲದಲ್ಲೇ ಹೀಗಿದೆ' ಎಂದು ಹಾಕಿ ಮುಂದಿನ ಹಾಳೆಗೆ ಹೋಗುತ್ತೇನೆ.